ಮಳೆ ಎಚ್ಚರಿಕೆಯ ವಿಡಿಯೋಗಳಿಗೆ ಕ್ಯಾಪ್ಶನ್ ಹಾಕಿ: ಕರಾವಳಿಯ ಕಚೇರಿಗಳ ಜಾಲತಾಣ ನೋಡಿಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಸರ್ಕಾರಿ ಕಚೇರಿ ಹಾಗೂ ಸ್ಥಳೀಯ ಸಂಸ್ಥೆಗಳಲ್ಲಿ ಸಾಮಾಜಿಕ ಜಾಲತಾಣದ ಹೊಣೆ ಹೊತ್ತ ಅಧಿಕಾರಿಗಳು ಮತ್ತು ಸಿಬ್ಬಂದಿ

ವಿಷಯ: ಮಳೆಗಾಲದ ಎಚ್ಚರಿಕೆ ವಿಡಿಯೋಗಳಿಗೆ ಕನ್ನಡ ಕ್ಯಾಪ್ಶನ್ ಮತ್ತು ಇಂಗ್ಲಿಷ್ ಸಬ್‌ಟೈಟಲ್, ಪೋಸ್ಟರ್‌ಗಳಿಗೆ ಚಿತ್ರ ವಿವರಣೆ ಕೊಡುವಂತೆ ಮನವಿ

ಮಾನ್ಯರೇ,

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಸಂಜೆಯಾದರೆ ಎಲ್ಲರೂ ಫೋನ್ ನೋಡುವುದು ಒಂದೇ ಸುದ್ದಿಗಾಗಿ. ನಾಳೆ ಶಾಲೆಗೆ ರಜೆ ಇದೆಯೇ, ಶಿರಾಡಿ ಘಾಟಿ ತೆರೆದಿದೆಯೇ, ಮಲ್ಪೆಯಿಂದ ನಾಡದೋಣಿ ಇಳಿಸಬಹುದೇ? ಈ ಸುದ್ದಿ ನಿಮ್ಮ ಪುಟಗಳಿಂದ ಮೂರು ರೂಪದಲ್ಲಿ ಹೊರಬರುತ್ತದೆ: ಅಧಿಕಾರಿಯೊಬ್ಬರು ಕ್ಯಾಮೆರಾ ಮುಂದೆ ಮಾತಾಡುವ ಒಂದು ನಿಮಿಷದ ವಿಡಿಯೋ, ಕೆಂಪೋ ಕಿತ್ತಳೆಯೋ ಬಣ್ಣದ ಪೋಸ್ಟರ್, ಸಹಿ ಮೊಹರು ಬಿದ್ದ ಆದೇಶದ ಸ್ಕ್ಯಾನ್ ಪ್ರತಿ.

ವಿಡಿಯೋದಲ್ಲಿ ಪರದೆಯ ಮೇಲೆ ಕಾಣುವುದು ಅಧಿಕಾರಿಯ ಹೆಸರು, ಹುದ್ದೆ ಮತ್ತು ‘ಮಳೆ ಎಚ್ಚರಿಕೆ’ ಎಂಬ ಎರಡು ಪದ ಮಾತ್ರ. ಯಾವ ದಿನ, ಯಾವ ತಾಲೂಕು, ಯಾರಿಗೆ ರಜೆ, ಯಾವ ರಸ್ತೆ ಬಂದ್ ಎಂಬುದೆಲ್ಲ ದನಿಯಲ್ಲೇ ಉಳಿಯುತ್ತದೆ. ಕಿವಿ ಕೇಳದವರಿಗೆ ಅದರಿಂದ ತಿಳಿಯುವುದು ಯಾರೋ ಏನೋ ಎಚ್ಚರಿಸುತ್ತಿದ್ದಾರೆ ಎಂದಷ್ಟೇ. ಪೋಸ್ಟರಿನದು ಇದಕ್ಕೆ ತದ್ವಿರುದ್ಧ ಕತೆ. ಅಲ್ಲಿ ಎಲ್ಲವೂ ಅಕ್ಷರದಲ್ಲಿದೆ, ಆದರೆ ಆ ಅಕ್ಷರ ಚಿತ್ರದೊಳಗೆ ಸಿಕ್ಕಿಹಾಕಿಕೊಂಡಿದೆ. ಕಣ್ಣು ಕಾಣದವರು ಪರದೆಯ ಮೇಲಿನದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಬೆರಳಾಡಿಸಿದರೆ ಫೋನ್ ‘ಚಿತ್ರ’ ಎಂದೋ, `May be an image of text` ಎಂದೋ ಹೇಳಿ ಮುಂದೆ ಹೋಗುತ್ತದೆ. ಆದೇಶದ ಪಿಡಿಎಫ್ ಕೂಡ ಸ್ಕ್ಯಾನ್ ಮಾಡಿದ್ದಾದರೆ ಚಿತ್ರವೇ. ಅದರಿಂದ ಒಂದಕ್ಷರವೂ ಓದಿಸಿಕೊಳ್ಳಲಾಗದು.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 42ನೇ ಸೆಕ್ಷನ್ ಶ್ರವ್ಯ, ಮುದ್ರಣ ಮತ್ತು ಎಲೆಕ್ಟ್ರಾನಿಕ್ ಮಾಧ್ಯಮಗಳ ವಿಷಯ ಎಲ್ಲರಿಗೂ ಎಟುಕುವ ರೂಪದಲ್ಲಿರಬೇಕು ಎನ್ನುತ್ತದೆ. ಕ್ಯಾಪ್ಶನ್, ಸಂಜ್ಞಾ ಭಾಷೆ, ದೃಶ್ಯದ ದನಿ ವಿವರಣೆ ಮೂರನ್ನೂ ಅದು ಹೆಸರಿಸಿಯೇ ಹೇಳುತ್ತದೆ. ಕಾನೂನು ತೋರಿಸಿ ಬೆದರಿಸುವುದು ನಮ್ಮ ಉದ್ದೇಶವಲ್ಲ. ಕೆಲಸ ಹೇಗೆ ಮಾಡಬೇಕೆಂದು ಯಾರೂ ಕೂತು ಹೇಳಿಕೊಟ್ಟಿಲ್ಲ ಎಂಬುದೇ ಮುಖ್ಯ ತೊಡಕು ಎಂದು ನಮಗೆ ಅನ್ನಿಸಿದೆ. ಹಾಗಾಗಿ ದೂರಿನ ಜೊತೆಗೆ ದಾರಿಯನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಎಲ್ಲಕ್ಕಿಂತ ಮೊದಲು ಕೆಲಸದ ಕ್ರಮ ಬದಲಾಗಬೇಕು. ಈಗ ವಿಡಿಯೋ ತೆಗೆದು, ಹಾಕಿ, ಯಾರಾದರೂ ಕೇಳಿದರೆ ಕ್ಯಾಪ್ಶನ್ ಬಗ್ಗೆ ಯೋಚಿಸುತ್ತಾರೆ. ಅದರ ಬದಲು ಮೊದಲು ಬರೆದುಕೊಳ್ಳಿ, ಆಮೇಲೆ ಅದನ್ನೇ ಓದಿ ಚಿತ್ರೀಕರಿಸಿ. ಕ್ಯಾಮೆರಾ ಮುಂದೆ ಸಾವಧಾನವಾಗಿ ಮಾತಾಡಿದರೆ ಒಂದು ನಿಮಿಷಕ್ಕೆ 100ರಿಂದ 120 ಕನ್ನಡ ಪದ ಹಿಡಿಯುತ್ತದೆ. ಅಂದರೆ ಅರ್ಧ ಪುಟ. ಆ ಅರ್ಧ ಪುಟವೇ ಕ್ಯಾಪ್ಶನ್ ಆಗುತ್ತದೆ, ಅದೇ ಇಂಗ್ಲಿಷಿಗೆ ಹೋಗುತ್ತದೆ, ಪೋಸ್ಟರಿನ ಚಿತ್ರ ವಿವರಣೆಗೂ ಅದೇ ಸಾಕು. ಬರಹ ಕೈಯಲ್ಲಿದ್ದರೆ ಒಂದು ನಿಮಿಷದ ವಿಡಿಯೋಗೆ ಕ್ಯಾಪ್ಶನ್ ಕೂರಿಸುವುದು ಕಾಲು ಗಂಟೆಯ ಕೆಲಸ. ಬರಹವಿಲ್ಲದೆ ದನಿ ಕೇಳಿ ಕೇಳಿ ಬರೆಯಲು ಹೊರಟರೆ ಅದರ ಮೂರು ಪಟ್ಟು ಹೊತ್ತು ಹಿಡಿಯುತ್ತದೆ. ಮಳೆಯ ರಾತ್ರಿ ಅಷ್ಟು ಹೊತ್ತು ಯಾರ ಬಳಿಯೂ ಇರುವುದಿಲ್ಲ.

ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಧಿಕಾರಿ ಹೇಳಬೇಕಾದ ಮಾತು ಹೀಗಿದೆ ಅಂದುಕೊಳ್ಳಿ: “ನಾಳೆ, ಜುಲೈ 15 ಬುಧವಾರ, ದಕ್ಷಿಣ ಕನ್ನಡಕ್ಕೆ ರೆಡ್ ಅಲರ್ಟ್. ಅಂಗನವಾಡಿಯಿಂದ ಪಿಯುವರೆಗೆ ರಜೆ. ಪದವಿ ಕಾಲೇಜುಗಳಿಗೆ ರಜೆ ಇಲ್ಲ. ನಾಡದೋಣಿಗಳು ಸಮುದ್ರಕ್ಕೆ ಇಳಿಯಬಾರದು.” ‘ನಾಳೆ’ಯ ಪಕ್ಕದಲ್ಲಿ ತಾರೀಕು, ವಾರ ಎರಡೂ ಇರುವುದನ್ನು ಗಮನಿಸಿ. ರೀಲ್ ಹರಿದಾಡುತ್ತಾ ಎರಡು ದಿನ ಕಳೆದು ಯಾರದೋ ಫೋನಿಗೆ ಬರುತ್ತದೆ. ಬರೀ ‘ನಾಳೆ’ ಎಂದಿದ್ದರೆ ಅವರು ತಪ್ಪು ದಿನ ಮನೆಯಲ್ಲಿ ಉಳಿಯುತ್ತಾರೆ, ಇಲ್ಲವೇ ತಪ್ಪು ದಿನ ಹೊರಡುತ್ತಾರೆ. ಈ ಮಾತು, ಕ್ಯಾಪ್ಶನ್‌ನ ಬರಹ ಮತ್ತು ಸಮಯವನ್ನು ಹಿಡಿದಿಡುವ ಎಸ್‌ಆರ್‌ಟಿ ಕಡತದಲ್ಲಿ, ಹೀಗೆ ಕೂರುತ್ತದೆ:

```
1
00:00:00,500 --> 00:00:04,500
ನಾಳೆ, ಜುಲೈ 15 ಬುಧವಾರ,
ದಕ್ಷಿಣ ಕನ್ನಡಕ್ಕೆ ರೆಡ್ ಅಲರ್ಟ್

2
00:00:04,600 --> 00:00:07,600
ಅಂಗನವಾಡಿಯಿಂದ ಪಿಯುವರೆಗೆ ರಜೆ

3
00:00:07,700 --> 00:00:10,700
ಪದವಿ ಕಾಲೇಜುಗಳಿಗೆ ರಜೆ ಇಲ್ಲ

4
00:00:10,800 --> 00:00:14,300
ನಾಡದೋಣಿಗಳು ಸಮುದ್ರಕ್ಕೆ
ಇಳಿಯಬಾರದು
```

ಕ್ರಮಸಂಖ್ಯೆ, ಸಮಯ, ಮಾತು, ಒಂದು ಖಾಲಿ ಸಾಲು. ಇಷ್ಟೇ ಇದರ ವ್ಯಾಕರಣ. ಸೆಕೆಂಡು ಮತ್ತು ಮಿಲಿಸೆಕೆಂಡಿನ ನಡುವೆ ಬರುವುದು ಅಲ್ಪವಿರಾಮ. ಅಲ್ಲಿ ಚುಕ್ಕಿ ಹಾಕಿದರೆ ಕಡತ ತಿರಸ್ಕೃತವಾಗಬಹುದು. ಎರಡು ಕ್ಯಾಪ್ಶನ್‌ಗಳ ನಡುವಿನ ಖಾಲಿ ಸಾಲು ಬಿಟ್ಟುಹೋದರೆ ಮುಂದಿನ ಕ್ಯಾಪ್ಶನ್‌ನ ಸಂಖ್ಯೆ, ಸಮಯ ಎಲ್ಲವೂ ಪರದೆಯ ಮೇಲೆ ಬಂದು ಕೂರುತ್ತವೆ. ಹಾಗೆ ಕಂಡರೆ ತಪ್ಪು ಎಲ್ಲಿದೆಯೆಂದು ಹುಡುಕಬೇಕಿಲ್ಲ, ಅದರ ಹಿಂದಿನ ಸಾಲು ನೋಡಿ.

ಕನ್ನಡಕ್ಕೆ ಮಾತ್ರ ಬರುವ ತೊಂದರೆಗಳು ಬೇರೆ ಇವೆ. ಕಚೇರಿಗಳಲ್ಲಿ ಇಂದಿಗೂ ಬಹಳ ಮಂದಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡುತ್ತಾರೆ. ನಿಮ್ಮ ಕಂಪ್ಯೂಟರಿನಲ್ಲಿ ಚೆಂದವಾಗಿ ಕಾಣುವ ಆ ಬರಹ ನಿಜದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಯೂಟ್ಯೂಬಿಗೆ ಏರಿಸಿದ ಮೇಲೆ ಅದು ತನ್ನ ನಿಜರೂಪದಲ್ಲೇ, ಯಾರಿಗೂ ಓದಲಾಗದ ಗೊಂದಲವಾಗಿ ಕಾಣುತ್ತದೆ. ಪತ್ತೆ ಮಾಡುವುದು ಸುಲಭ: ಬರೆದದ್ದನ್ನು ನಕಲು ಮಾಡಿ ನಿಮ್ಮ ವಾಟ್ಸ್‌ಆ್ಯಪ್‌ಗೆ ಅಂಟಿಸಿ. ಅಲ್ಲಿ ಕನ್ನಡ ಕಂಡರೆ ಅದು ಯುನಿಕೋಡ್, ಕಾಣದಿದ್ದರೆ ಯುನಿಕೋಡಿಗೆ ಪರಿವರ್ತಿಸಿಕೊಂಡೇ ಮುಂದುವರಿಯಿರಿ. ಕಡತ ಉಳಿಸುವಾಗಲೂ ನೋಟ್‌ಪ್ಯಾಡಿನ ಎನ್‌ಕೋಡಿಂಗ್ ಜಾಗದಲ್ಲಿ `UTF-8` ಇರಬೇಕು. ಅಲ್ಲಿ `ANSI` ಇದ್ದರೆ ಕನ್ನಡದ ಪ್ರತಿ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ, ಮತ್ತು ಮೂಲ ಬರಹ ಆ ಕಡತದಿಂದ ಮರಳಿ ಸಿಗುವುದಿಲ್ಲ.

ಇನ್ನು ಸಾಲು ಎಲ್ಲಿ ಒಡೆಯಬೇಕು ಎಂಬ ಮಾತು. ನಮ್ಮ ಭಾಷೆಯಲ್ಲಿ ‘ಇಲ್ಲ’, ‘ಬಾರದು’, ‘ಕೂಡದು’ ವಾಕ್ಯದ ಕೊನೆಗೆ ಬರುತ್ತವೆ. “ಪದವಿ ಕಾಲೇಜುಗಳಿಗೆ ರಜೆ” ಎಂಬಷ್ಟು ಒಂದು ಕ್ಯಾಪ್ಶನ್‌ನಲ್ಲಿ ಬಂದು, ‘ಇಲ್ಲ’ ಮುಂದಿನದಕ್ಕೆ ಜಾರಿದರೆ, ಮೊದಲನೆಯದನ್ನು ಓದಿ ಸ್ಕ್ರೋಲ್ ಮಾಡಿದವರಿಗೆ ಸಿಕ್ಕಿದ್ದು ಸುಳ್ಳು ಸುದ್ದಿ. ಆದ್ದರಿಂದ ಕ್ರಿಯಾಪದ, ಅದರಲ್ಲೂ ನಿಷೇಧದ ಪದ, ತನ್ನ ವಾಕ್ಯದ ಜೊತೆಗೇ ಇರಬೇಕು. ಸಾಲು ಬದಲಾದರೆ ಅಡ್ಡಿಯಿಲ್ಲ, ಕ್ಯಾಪ್ಶನ್ ಬದಲಾಗಬಾರದು. ಮೇಲಿನ ಉದಾಹರಣೆಯಲ್ಲಿ ‘ಇಳಿಯಬಾರದು’ ಎರಡನೇ ಸಾಲಿಗೆ ಹೋಗಿದೆ, ಆದರೆ ಅದೇ ನಾಲ್ಕನೇ ಕ್ಯಾಪ್ಶನ್‌ನೊಳಗೆ ಇದೆ.

ತಾನಾಗಿ ಮೂಡುವ ಕ್ಯಾಪ್ಶನ್‌ಗಳನ್ನೇ ನಂಬಿ ಬಿಡಬೇಡಿ ಎನ್ನುವುದಕ್ಕೂ ಇದೇ ಕಾರಣ. ‘ಇಳಿಯಬಾರದು’ ಮತ್ತು ‘ಇಳಿಯಬಹುದು’ ಇವೆರಡರ ನಡುವೆ ಇರುವುದು ಕೂದಲೆಳೆಯ ಅಂತರ. ಹೊರಗೆ ಮಳೆ ಹೊಯ್ಯುತ್ತಿದ್ದು, ಮೈಕ್ ಗಾಳಿಗೆ ಗುಂಯ್‌ಗುಡುತ್ತಿದ್ದರೆ ಯಂತ್ರ ಯಾವುದನ್ನಾದರೂ ಬರೆದೀತು. ಊರ ಹೆಸರು, ತಾರೀಕು, ಅಂಕಿ, ನಿಷೇಧ ಈ ನಾಲ್ಕನ್ನು ಮನುಷ್ಯರೊಬ್ಬರು ಆದೇಶದ ಪ್ರತಿಯ ಜೊತೆ ಹೋಲಿಸಿ ನೋಡಿದ ಮೇಲೆಯೇ ಹೊರಗೆ ಬಿಡಬೇಕು. ನಮ್ಮಲ್ಲಿ ಇನ್ನೊಂದು ವಿಶೇಷವೂ ಇದೆ. ಪಣಂಬೂರಿನಲ್ಲೋ ಉಳ್ಳಾಲದಲ್ಲೋ ಮೈಕ್ ಹಿಡಿದವರು ನಡುವೆ ತುಳುವಿಗೋ ಬ್ಯಾರಿಗೋ ಕೊಂಕಣಿಗೋ ಹೊರಳುತ್ತಾರೆ, ಅದು ಸಹಜ, ಒಳ್ಳೆಯದೂ ಹೌದು. ಆದರೆ ಕನ್ನಡಕ್ಕೆಂದು ಹೊಂದಿಸಿದ ಯಂತ್ರ ಆ ತುಳುವನ್ನು ದನಿಗೆ ಹತ್ತಿರದ ಕನ್ನಡ ಪದಗಳಾಗಿ ಬರೆದುಬಿಡುತ್ತದೆ, ಓದಿದರೆ ಅರ್ಥವಿಲ್ಲ. ಅಂಥ ಕಡೆ ಮಾತಿನ ಸಾರವನ್ನು ಕನ್ನಡದಲ್ಲಿ ಬರೆದು, ಮೊದಲ ಸಾಲಿನಲ್ಲಿ ‘(ತುಳುವಿನಲ್ಲಿ)’ ಎಂದು ಸೂಚಿಸಿ. ಇಲ್ಲಿನ ಕಿವಿ ಕೇಳದ ಮಕ್ಕಳು ಶಾಲೆಯಲ್ಲಿ ಓದಲು ಕಲಿಯುವುದು ಕನ್ನಡವನ್ನೇ ಹೊರತು ತುಳುವನ್ನಲ್ಲ.

ಕ್ಯಾಪ್ಶನ್ ಅನ್ನು ಬೇರೆ ಕಡತವಾಗಿ ಕೊಡಬೇಕೋ, ವಿಡಿಯೋದ ಮೇಲೆಯೇ ಅಚ್ಚೊತ್ತಬೇಕೋ ಎಂಬ ಪ್ರಶ್ನೆ ಬರುತ್ತದೆ. ನಮ್ಮ ಸಲಹೆ ಸ್ಪಷ್ಟ: ಮಳೆ ಎಚ್ಚರಿಕೆಗೆ ಕನ್ನಡವನ್ನು ಅಚ್ಚೊತ್ತಿ. ನಿಮ್ಮ ವಿಡಿಯೋ ನಿಮ್ಮ ಪುಟದಲ್ಲಿ ಉಳಿಯುವುದಿಲ್ಲ, ಅರ್ಧ ಗಂಟೆಯೊಳಗೆ ಶಾಲೆಯ ಗುಂಪು, ಬೀದಿಯ ಗುಂಪು, ಮೀನುಗಾರರ ಗುಂಪುಗಳಲ್ಲಿ ಫಾರ್ವರ್ಡ್ ಆಗುತ್ತದೆ. ಪ್ರತ್ಯೇಕ ಕಡತವಾಗಿದ್ದ ಕ್ಯಾಪ್ಶನ್ ಆ ದಾರಿಯಲ್ಲಿ ಕಳಚಿ ಬೀಳುತ್ತದೆ. ಅಚ್ಚೊತ್ತಿದ್ದು ಜೊತೆಗೇ ಹೋಗುತ್ತದೆ. ಅಕ್ಷರವಿಲ್ಲದ ಮೂಲ ಪ್ರತಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ. ರಾತ್ರಿ ಹತ್ತಕ್ಕೆ ಆದೇಶ ಬದಲಾದರೆ ತಿದ್ದಲು ಅದೇ ಬೇಕು.

ಅಚ್ಚೊತ್ತುವಾಗ ಉದ್ದ ರೀಲ್‌ನ ಅಳತೆ 1080 ಅಗಲ, 1920 ಎತ್ತರದ ಪಿಕ್ಸೆಲ್ ಎಂದಿಟ್ಟುಕೊಂಡರೆ ಅಕ್ಷರದ ಗಾತ್ರ 55ರಿಂದ 60 ಇರಲಿ. ಆ ಗಾತ್ರದಲ್ಲಿ ಒಂದು ಸಾಲಿಗೆ ಹೆಚ್ಚೆಂದರೆ 20 ಅಕ್ಷರ ಹಿಡಿಯುತ್ತದೆ, ಒಮ್ಮೆಗೆ ಎರಡೇ ಸಾಲು. ಪರದೆಯ ಕೆಳಗಿನ ಮೂರನೇ ಒಂದು ಭಾಗವನ್ನು ಖಾಲಿ ಬಿಡಬೇಕು, ಏಕೆಂದರೆ ಪುಟದ ಹೆಸರು, ವಿವರಣೆ, ಲೈಕ್ ಗುಂಡಿಗಳು ಬಂದು ಕೂರುವುದು ಅಲ್ಲಿಯೇ. ಎಡಿಟಿಂಗ್ ಮೇಜಿನ ಮೇಲೆ ಸರಿಯಾಗಿ ಕಾಣುವ ಕ್ಯಾಪ್ಶನ್ ಫೋನಿನಲ್ಲಿ ಮುಚ್ಚಿಹೋಗುವುದು ಈ ಕಾರಣಕ್ಕೆ. ಬೂದು ಆಕಾಶದ ಮೇಲೆ ಬಿಳಿ ಅಕ್ಷರ ಕರಗಿಹೋಗುತ್ತದೆ. ಹಿಂದೆ ಕಪ್ಪು ಪಟ್ಟಿ ಇರಲೇಬೇಕು. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವುದಕ್ಕಿಂತ ಹೆಚ್ಚು ಜಾಗ ಬಿಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗಿ ಎರಡೂ ಓದಲಾಗುವುದಿಲ್ಲ. ಎರಡು ಸಾಲಿನ ಕ್ಯಾಪ್ಶನ್ ಮೂರೂವರೆ, ನಾಲ್ಕು ಸೆಕೆಂಡು ನಿಲ್ಲಲಿ.

ಕೆಲವು ಎಡಿಟಿಂಗ್ ತಂತ್ರಾಂಶಗಳು ಕನ್ನಡದ ಒತ್ತಕ್ಷರವನ್ನು ಕೂಡಿಸದೆ ಬಿಡಿಬಿಡಿಯಾಗಿ ಇಡುತ್ತವೆ, ಅರ್ಕಾವತ್ತು ಎಲ್ಲೋ ಹಾರಿಹೋಗುತ್ತದೆ. ಹೊಸ ತಂತ್ರಾಂಶ ಅಥವಾ ಹೊಸ ಫಾಂಟ್ ಬಳಸುವ ಮೊದಲು ‘ಮುನ್ನೆಚ್ಚರಿಕೆ, ಜಿಲ್ಲಾಧಿಕಾರಿ, ಸೂರ್ಯ, ರಾಷ್ಟ್ರೀಯ’ ಎಂದು ಬೆರಳಚ್ಚಿಸಿ ನೋಡಿ. ಈ ನಾಲ್ಕು ಪದ ಸರಿಯಾಗಿ ಮೂಡಿದರೆ ಉಳಿದದ್ದು ಬಹುಪಾಲು ಸರಿ. ಕನ್ನಡ ಅಚ್ಚೊತ್ತಿದ ಮೇಲೆ ರೀಲ್‌ನ ಸ್ವಯಂಚಾಲಿತ ಕ್ಯಾಪ್ಶನ್ ಆಫ್ ಮಾಡಿಬಿಡಿ, ಇಲ್ಲದಿದ್ದರೆ ಒಂದರ ಮೇಲೊಂದು ಬಂದು ಎರಡೂ ಕೆಡುತ್ತವೆ.

ಇಂಗ್ಲಿಷ್ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಕೊಣಾಜೆ, ಸುರತ್ಕಲ್, ಮಣಿಪಾಲಗಳಲ್ಲಿ ಕನ್ನಡ ಓದಲು ಬಾರದ ಸಾವಿರಾರು ವಿದ್ಯಾರ್ಥಿಗಳಿದ್ದಾರೆ, ಕಡಲ ತೀರಕ್ಕೆ ಇಳಿಯುವವರಲ್ಲಿ ಅವರೂ ಇರುತ್ತಾರೆ. ಆದರೆ ಕನ್ನಡ, ಇಂಗ್ಲಿಷ್ ಎರಡನ್ನೂ ಒಂದೇ ಪರದೆಗೆ ತುರುಕಿದರೆ ನಾಲ್ಕು ಸಾಲಾಗಿ ಯಾವುದನ್ನೂ ಓದಲಾಗದು. ಇಂಗ್ಲಿಷನ್ನು ಯೂಟ್ಯೂಬ್ ಮತ್ತು ಫೇಸ್‌ಬುಕ್‌ಗೆ ಎಸ್‌ಆರ್‌ಟಿ ಕಡತವಾಗಿ ಏರಿಸಿ, ಇನ್‌ಸ್ಟಾಗ್ರಾಂನಲ್ಲಿ ರೀಲ್‌ನ ಕೆಳಗಿನ ವಿವರಣೆಯಲ್ಲಿ ಕೊಡಿ. ಫೇಸ್‌ಬುಕ್‌ಗೆ ಕಡತದ ಹೆಸರಿನಲ್ಲೇ ಭಾಷೆಯ ಗುರುತು ಬೇಕು: `male0715.en_US.srt`, ಕನ್ನಡದ್ದಾದರೆ `male0715.kn_IN.srt`. ಸಮಯದ ಸಾಲುಗಳನ್ನು ಮುಟ್ಟದೆ ಮಾತನ್ನಷ್ಟೇ ಬದಲಿಸಿದರೆ ಇಂಗ್ಲಿಷ್ ಕಡತ ಸಿದ್ಧ:

```
2
00:00:04,600 --> 00:00:07,600
Anganwadis, schools, PU colleges: CLOSED

3
00:00:07,700 --> 00:00:10,700
Degree colleges: OPEN
```

ಆಡಳಿತದ ಉದ್ದುದ್ದ ಇಂಗ್ಲಿಷ್ ಇಲ್ಲಿ ಬೇಡ. ಓದುವವರಿಗೂ ಅದು ಎರಡನೆಯ, ಮೂರನೆಯ ಭಾಷೆ. ಊರ ಹೆಸರುಗಳನ್ನು ರಸ್ತೆಯ ಫಲಕದಲ್ಲಿ ಇರುವಂತೆ ಬರೆಯಿರಿ. ಬಂಟ್ವಾಳ, ಉಪ್ಪಿನಂಗಡಿ, ಕೊಟ್ಟಾರ ಚೌಕಿ, ಪಂಪ್‌ವೆಲ್, ಕಾಪು, ಚಾರ್ಮಾಡಿ ಮುಂತಾದ ಹೆಸರುಗಳ ಕನ್ನಡ, ಇಂಗ್ಲಿಷ್ ಪಟ್ಟಿಯನ್ನು ಒಮ್ಮೆ ಮಾಡಿಟ್ಟುಕೊಂಡರೆ ಪ್ರತಿ ರಾತ್ರಿ ಕಾಗುಣಿತ ಹುಡುಕುವ ಕೆಲಸ ತಪ್ಪುತ್ತದೆ.

ಇನ್ನು ಪೋಸ್ಟರ್. ಕೆಂಪು ಹಿನ್ನೆಲೆಯೇ ರೆಡ್ ಅಲರ್ಟ್ ಎಂದು ಹೇಳಿಬಿಡುತ್ತದೆ ಎಂಬ ನಂಬಿಕೆ ಸರಿಯಲ್ಲ. ಕೆಂಪು, ಕಿತ್ತಳೆ ಬೇರೆಯೆಂದು ತಿಳಿಯದ ಬಣ್ಣಗುರುಡು ಇರುವವರೂ ನಮ್ಮ ನಡುವೆ ಇದ್ದಾರೆ. ಬಣ್ಣದ ಹೆಸರನ್ನು ಅಕ್ಷರದಲ್ಲಿ ಬರೆಯಿರಿ, ಅದರ ಅರ್ಥವನ್ನೂ ಬರೆಯಿರಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 204.4 ಮಿ.ಮೀ. ಮೀರಿದ ಮಳೆ ಅತ್ಯಂತ ಭಾರಿ ಮಳೆ. ಸಾಮಾನ್ಯರಿಗೆ ಅದು 20 ಸೆಂಟಿಮೀಟರಿಗೂ ಹೆಚ್ಚು ಎಂದರೆ ಬೇಗ ಮನಸ್ಸಿಗೆ ಬರುತ್ತದೆ.

ಚಿತ್ರ ವಿವರಣೆ ಬರೆಯುವ ಜಾಗವನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ ಮೂರೂ ಕೊಟ್ಟಿವೆ, `Alt text` ಎಂಬ ಹೆಸರಿನಲ್ಲಿ. ನಮಗೆ ಕಂಡಂತೆ ಅಲ್ಲಿ ಏನೂ ಇರುವುದಿಲ್ಲ, ಇದ್ದರೆ ‘ಮಳೆ ಪೋಸ್ಟರ್’ ಎಂದಿರುತ್ತದೆ. ಪೋಸ್ಟರಿನ ಅಂಚಿನ ಬಳ್ಳಿ, ಮೂಲೆಯ ಲಾಂಛನ, ಛತ್ರಿಯ ಚಿತ್ರ ಇವನ್ನು ವಿವರಿಸಬೇಕಿಲ್ಲ. ಅದರಲ್ಲಿರುವ ಮಾತೇ ವಿವರಣೆಯಾಗಬೇಕು:

```
ರೆಡ್ ಅಲರ್ಟ್, ದಕ್ಷಿಣ ಕನ್ನಡ, ಜುಲೈ 15 ಬುಧವಾರ.
ಅಂಗನವಾಡಿ, ಶಾಲೆ, ಪಿಯು ಕಾಲೇಜುಗಳಿಗೆ ರಜೆ.
ಪದವಿ ಕಾಲೇಜುಗಳಿಗೆ ರಜೆ ಇಲ್ಲ.
ನಾಡದೋಣಿಗಳು ಸಮುದ್ರಕ್ಕೆ ಇಳಿಯಬಾರದು.
ತುರ್ತು ಸಹಾಯಕ್ಕೆ ಒಂದು ಸೊನ್ನೆ ಏಳು ಏಳು, 1077.
```

ಸಹಾಯವಾಣಿಯ ಸಂಖ್ಯೆಯನ್ನು ಅಕ್ಷರದಲ್ಲೂ ಬರೆದಿರುವುದು ಬೇಕೆಂದೇ. ಬರೀ 1077 ಎಂದಿದ್ದರೆ ಫೋನಿನ ದನಿ ‘ಸಾವಿರದ ಎಪ್ಪತ್ತೇಳು’ ಎಂದು ಓದಿಬಿಡಬಹುದು. ವಾಟ್ಸ್‌ಆ್ಯಪ್‌ಗೆ ಕಳಿಸುವಾಗ ಇದೇ ಐದು ಸಾಲನ್ನು ಪೋಸ್ಟರಿನ ಕೆಳಗೆ ಮಾಮೂಲಿ ಸಂದೇಶವಾಗಿ ಹಾಕಿ. ಅದರ ಮುಂದೆ ಕೆಂಪು ದೀಪದ ಹತ್ತು ಎಮೋಜಿ ಹಾಕಿದರೆ ದನಿ ಹತ್ತು ಸಲವೂ ಅದರ ಹೆಸರು ಹೇಳಿಯೇ ಮುಂದೆ ಹೋಗುತ್ತದೆ, ಕೇಳುವವರು ಸುದ್ದಿ ಬರುವ ಮೊದಲೇ ಬೇಸತ್ತು ಬಿಡುತ್ತಾರೆ. ನೀರು ನಿಂತ ರಸ್ತೆಯ ಫೋಟೋ ಹಾಕಿದರೆ ‘ಮಳೆಯ ದೃಶ್ಯ’ ಎನ್ನದೆ, ‘ಪಡೀಲ್ ರೈಲ್ವೆ ಕೆಳಸೇತುವೆಯಲ್ಲಿ ಬೈಕಿನ ಚಕ್ರ ಅರ್ಧ ಮುಳುಗುವಷ್ಟು ನೀರು, ವಾಹನಗಳು ಹಿಂದಿರುಗುತ್ತಿವೆ’ ಎಂದು ಬರೆಯಿರಿ. ನೋಡುವವರು ಆ ಫೋಟೋದಿಂದ ತಿಳಿದುಕೊಳ್ಳುವುದೂ ಅದನ್ನೇ.

ಕ್ಯಾಪ್ಶನ್ ಹಾಕಿದರೆ ಎಲ್ಲ ಮುಗಿಯಿತು ಎಂದು ನಾವು ಹೇಳುತ್ತಿಲ್ಲ. ಹುಟ್ಟಿನಿಂದ ಕಿವಿ ಕೇಳದ ಅನೇಕರಿಗೆ ಮೊದಲ ಭಾಷೆ ಸಂಜ್ಞಾ ಭಾಷೆ, ಕನ್ನಡದ ಓದು ಕಷ್ಟ. ದೊಡ್ಡ ಅನಾಹುತದ ಎಚ್ಚರಿಕೆಗಳಿಗೆ ಸಂಜ್ಞಾ ಭಾಷಾ ವ್ಯಾಖ್ಯಾನಕಾರರು ಬೇಕೇಬೇಕು, ಅವರ ಕೈ ಮತ್ತು ಮುಖದ ಮೇಲೆ ಕ್ಯಾಪ್ಶನ್ ಬೀಳದಂತೆ ನೋಡಿಕೊಳ್ಳಬೇಕು.

ನಮ್ಮ ಬೇಡಿಕೆಗಳು ಹೆಚ್ಚಿಲ್ಲ. ಬರುವ ಜೂನ್ 1ರಿಂದ ಮಳೆ, ರಜೆ, ರಸ್ತೆ, ಕಡಲು ಈ ನಾಲ್ಕು ವಿಷಯದ ಯಾವ ವಿಡಿಯೋವೂ ಕನ್ನಡ ಕ್ಯಾಪ್ಶನ್ ಇಲ್ಲದೆ ಹೊರಬರಬಾರದು; ಇಂಗ್ಲಿಷ್ ಸಬ್‌ಟೈಟಲ್ ಒಂದು ಗಂಟೆ ತಡವಾದರೂ ಸರಿ, ಬರಲಿ. ಆದೇಶದ ಸ್ಕ್ಯಾನ್ ಪ್ರತಿಯ ಜೊತೆ ಅದರ ಬರಹವೂ ಯುನಿಕೋಡಿನಲ್ಲಿ ಇರಲಿ. ಅದನ್ನು ಬೆರಳಚ್ಚು ಮಾಡಿದ ಕಡತ ನಿಮ್ಮ ಕಚೇರಿಯಲ್ಲೇ ಇರುವಾಗ ಇದು ಹೊಸ ಕೆಲಸವಲ್ಲ. ವಿಡಿಯೋ ಕೆಲಸವನ್ನು ಹೊರಗಿನವರಿಗೆ ಗುತ್ತಿಗೆ ಕೊಡುವ ಕಚೇರಿಗಳು ಅಕ್ಷರವಿಲ್ಲದ ಮೂಲ ಪ್ರತಿ ಮತ್ತು ಎರಡೂ ಭಾಷೆಯ ಎಸ್‌ಆರ್‌ಟಿ ಕಡತ ಒಪ್ಪಿಸದೆ ಬಿಲ್ ಪಾಸಾಗದು ಎಂಬ ಷರತ್ತನ್ನು ಗುತ್ತಿಗೆ ಪತ್ರದಲ್ಲೇ ಸೇರಿಸಲಿ. ನೇರಪ್ರಸಾರದ ಪತ್ರಿಕಾಗೋಷ್ಠಿಗೆ ಕ್ಯಾಪ್ಶನ್ ಕೂಡಲೇ ಆಗದಿದ್ದರೆ, ಮುಗಿದ ಅರ್ಧ ಗಂಟೆಯೊಳಗೆ ಮುಖ್ಯ ಅಂಶಗಳನ್ನು ಬರಹದಲ್ಲಿ ಅದೇ ಪೋಸ್ಟಿಗೆ ಸೇರಿಸಿ.

ಕೊನೆಯದಾಗಿ, ಮಳೆಗಾಲಕ್ಕೆ ಮುನ್ನ ಮೇ ತಿಂಗಳಲ್ಲಿ ಒಂದು ದಿನ ಇಟ್ಟುಕೊಂಡು, ಕಿವಿ ಕೇಳದ ಒಬ್ಬರನ್ನೂ ಕಣ್ಣು ಕಾಣದ ಒಬ್ಬರನ್ನೂ ಗೌರವಧನ ಕೊಟ್ಟು ಕರೆಸಿ. ಕಳೆದ ವರ್ಷದ ಒಂದು ವಿಡಿಯೋವನ್ನು ಸದ್ದಿಲ್ಲದೆ, ಒಂದು ಪೋಸ್ಟರನ್ನು ಪರದೆ ಆಫ್ ಮಾಡಿ ಟಾಕ್‌ಬ್ಯಾಕ್‌ನಲ್ಲಿ ಅವರ ಮುಂದಿಡಿ. ನಾಳೆ ಯಾರಿಗೆ ರಜೆ, ಯಾವ ರಸ್ತೆ ಬಂದ್, ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂದು ಕೇಳಿ. ಅವರು ಮೂರಕ್ಕೂ ಉತ್ತರ ಹೇಳುವವರೆಗೆ ನಿಮ್ಮ ಮಾದರಿಯನ್ನು ತಿದ್ದಿ. ಆ ದಿನದ ಕೆಲಸಕ್ಕೆ ಕಡತಗಳ ಮಾದರಿ, ಊರ ಹೆಸರುಗಳ ಪಟ್ಟಿ, ಜೊತೆಗೆ ಕೂತು ಹೇಳಿಕೊಡುವ ಜನ ಬೇಕಿದ್ದರೆ ನಾವು ಬರಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕರಾವಳಿಯಲ್ಲಿ ಕ್ಯಾಪ್ಶನ್ ಮತ್ತು ಚಿತ್ರ ವಿವರಣೆಯ ಕೆಲಸ ಮಾಡುವವರು
ಮಂಗಳೂರು